ಅಮ್ಮ ಬಂದದ್ದು ನೆನಪಿಲ್ಲದವರಿಗೂ ಸರ್ಪಸುತ್ತಿನ ಲಸಿಕೆ ಬೇಕೇ?

ದೀಪಾವಳಿ ಕಳೆದ ಮರುವಾರ ಹುಬ್ಬಳ್ಳಿಯ ನನ್ನ ಚಿಕಿತ್ಸಾಲಯಕ್ಕೆ ಅಕ್ಕ ಮತ್ತು ತಮ್ಮ ಜೊತೆಯಾಗಿ ಬಂದಿದ್ದರು. ಅಕ್ಕ ಗದಗಿನವರು, 64 ವರ್ಷ. ತಮ್ಮನಿಗೆ 58, ಬ್ಯಾಂಕಿನ ಕೆಲಸದಿಂದ ಸ್ವಯಂ ನಿವೃತ್ತಿ ಪಡೆದು ವಿದ್ಯಾನಗರದಲ್ಲಿದ್ದಾರೆ. ಹಾವೇರಿಯಲ್ಲಿರುವ ಅವರ ಹಿರಿಯಣ್ಣನಿಗೆ ಹಿಂದಿನ ಬೇಸಿಗೆಯಲ್ಲಿ ಎದೆಯ ಬಲಭಾಗಕ್ಕೆ ಸರ್ಪಸುತ್ತು ಆಗಿತ್ತು. ಗುಳ್ಳೆಗಳು ಮೂರು ವಾರಗಳಲ್ಲಿ ಒಣಗಿ ಉದುರಿದರೂ ಉರಿ ಮಾತ್ರ ಎಂಟು ತಿಂಗಳು ಅವರನ್ನು ಬಿಟ್ಟಿರಲಿಲ್ಲ. ಅಂಗಿ ತಾಗಿದರೂ ಸಹಿಸಲಾಗದೆ ರಾತ್ರಿಯಿಡೀ ಪಡಸಾಲೆಯಲ್ಲಿ ಬರಿಮೈಯಲ್ಲಿ ಕುಳಿತಿರುತ್ತಿದ್ದ ಅಣ್ಣನನ್ನು ನೋಡಿದ್ದ ಇವರಿಬ್ಬರೂ ಲಸಿಕೆಯ ಸುದ್ದಿ ಕೇಳಿ ವಿಚಾರಿಸಲು ಬಂದಿದ್ದರು. ಆದರೆ ಇಬ್ಬರೂ ತಮಗೆ ಅದು ಬೇಡವೆಂಬ ತೀರ್ಮಾನವನ್ನು ಆಗಲೇ ಅರ್ಧ ಮಾಡಿಕೊಂಡೇ ಬಂದಿದ್ದರು.

“ನನಗ ಸಣ್ಣಾಕಿ ಇದ್ದಾಗ ಅಮ್ಮ ಬಂದು ಹೋಗ್ಯಾಳ್ರಿ. ಒಮ್ಮೆ ಬಂದ್ರ ಮತ್ತ ಬರೂದಿಲ್ಲ ಅಂತಾರಲ್ಲರಿ, ಹಿಂಗಾಗಿ ನನಗ ಸೂಜಿ ಬ್ಯಾಡ ಅನಸ್ತದ” ಎಂದರು ಅಕ್ಕ. ತಮ್ಮ ಹೇಳಿದ್ದು ಅದಕ್ಕೆ ತದ್ವಿರುದ್ಧ: “ನನಗ ಅಮ್ಮ ಬಂದದ್ದ ನೆನಪಿಲ್ಲರಿ. ಆ ಬ್ಯಾನಿನ ಬಂದಿಲ್ಲ ಅಂದಮ್ಯಾಲೆ ಅದರ ವೈರಸ್ ನನ್ನ ಮೈಯಾಗ ಎಲ್ಲಿಂದ ಬರಬೇಕ್ರಿ? ನನಗೂ ಬ್ಯಾಡ ಅಲ್ಲರಿ?”

ಒಬ್ಬರು ಬಂದು ಹೋಗಿದೆ ಎನ್ನುವ ಕಾರಣಕ್ಕೆ, ಇನ್ನೊಬ್ಬರು ಬಂದೇ ಇಲ್ಲ ಎನ್ನುವ ಕಾರಣಕ್ಕೆ ಒಂದೇ ತೀರ್ಮಾನಕ್ಕೆ ಬಂದಿದ್ದರು. ಐವತ್ತು ದಾಟಿದವರು ಈ ಲಸಿಕೆಯನ್ನು ಕುರಿತು ಕೇಳುವ ಪ್ರಶ್ನೆಗಳಲ್ಲಿ ಬಹುಪಾಲು ಈ ಎರಡರಲ್ಲಿ ಒಂದಾಗಿರುತ್ತದೆ. ಎರಡೂ ತೀರ್ಮಾನಗಳು ತಪ್ಪು, ಆದರೆ ತಪ್ಪುಗಳು ಬೇರೆ ಬೇರೆ ಬಗೆಯವು.

ಇವರಿಬ್ಬರೂ ಅಮ್ಮ ಎಂದು ಹೇಳುತ್ತಿದ್ದ ಸೀತಾಳೆ ಸಿಡುಬು, ಅಂದರೆ ಇಂದು ಎಲ್ಲರೂ ಚಿಕನ್‌ಪಾಕ್ಸ್ ಎನ್ನುವ ರೋಗ, ಮತ್ತು ಸರ್ಪಸುತ್ತು ಎರಡೂ ವೇರಿಸೆಲ್ಲಾ ಜೋಸ್ಟರ್ ಎಂಬ ಒಂದೇ ವೈರಸ್ಸಿನಿಂದ ಬರುತ್ತವೆ. ಸೀತಾಳೆ ಸಿಡುಬು ಆ ವೈರಸ್ಸಿನ ಮೊದಲ ಭೇಟಿ. ಮೈಮೇಲಿನ ಗುಳ್ಳೆಗಳು ಒಣಗಿದ ಮೇಲೆ ವೈರಸ್ ದೇಹದಿಂದ ಹೊರಟುಹೋಗುವುದಿಲ್ಲ. ಚರ್ಮದಿಂದ ನರಗಳ ಗುಂಟ ಹಿಂದಕ್ಕೆ ಸರಿದು, ಬೆನ್ನುಹುರಿಯ ಪಕ್ಕದಲ್ಲಿ ಮತ್ತು ತಲೆಬುರುಡೆಯ ಬುಡದಲ್ಲಿ ಇರುವ ನರಗಂಟುಗಳ ಜೀವಕೋಶಗಳೊಳಗೆ ಸುಪ್ತವಾಗಿ ಉಳಿದುಬಿಡುತ್ತದೆ. ಹತ್ತಾರು ವರ್ಷಗಳ ನಂತರ ಅವುಗಳಲ್ಲಿ ಯಾವುದೋ ಒಂದು ನರಗಂಟಿನಲ್ಲಿ ಅದು ಮತ್ತೆ ವೃದ್ಧಿಯಾಗತೊಡಗಿ, ಆ ಒಂದೇ ನರದ ಗುಂಟ ಚರ್ಮಕ್ಕೆ ಇಳಿದುಬಂದಾಗ ಕಾಣುವುದು ಸರ್ಪಸುತ್ತು. ಈ ನಂಟನ್ನು ತರ್ಕಬದ್ಧವಾಗಿ ಮುಂದಿಟ್ಟವರು ಇಂಗ್ಲೆಂಡಿನ ಸೈರನ್‌ಸೆಸ್ಟರ್ ಎಂಬ ಸಣ್ಣ ಊರಿನ ಸಾಮಾನ್ಯ ವೈದ್ಯ ಎಡ್ಗರ್ ಹೋಪ್-ಸಿಂಪ್ಸನ್. ತಮ್ಮ ಚಿಕಿತ್ಸಾಲಯಕ್ಕೆ ಬರುವ ಊರವರಲ್ಲಿ 16 ವರ್ಷಗಳ ಕಾಲ ಕಂಡ 192 ಪ್ರಕರಣಗಳನ್ನು ದಾಖಲಿಸಿಕೊಂಡು, ಸರ್ಪಸುತ್ತು ಹೊರಗಿನಿಂದ ಹೊಸದಾಗಿ ತಗಲುವ ರೋಗವಲ್ಲ, ಒಳಗೇ ಮಲಗಿದ್ದ ವೈರಸ್ ಎಚ್ಚರಗೊಳ್ಳುವುದು ಎಂದು ಅವರು 1965ರಲ್ಲಿ ಪ್ರಕಟಿಸಿದರು. ದೊಡ್ಡ ಪ್ರಯೋಗಾಲಯವಿಲ್ಲದೆ, ಒಂದೇ ಊರಿನ ರೋಗಿಗಳನ್ನು ತಾಳ್ಮೆಯಿಂದ ಗಮನಿಸಿ ತಲುಪಿದ ಈ ನಿರ್ಣಯವನ್ನು ಊರಿನ ವೈದ್ಯನಾಗಿ ನಾನು ಬಹಳ ಗೌರವದಿಂದ ನೆನೆಯುತ್ತೇನೆ.

ನಮ್ಮ ಭಾಗದಲ್ಲಿ ಈ ರೋಗದ ಬಗ್ಗೆ ಇರುವ ದೊಡ್ಡ ಭಯವೊಂದಕ್ಕೂ ಇದರಲ್ಲಿಯೇ ಉತ್ತರವಿದೆ. ಸರ್ಪದ ತಲೆ ಮತ್ತು ಬಾಲ ಸುತ್ತಿಬಂದು ಕೂಡಿದರೆ ಮನುಷ್ಯ ಉಳಿಯುವುದಿಲ್ಲ ಎಂದು ಹಿರಿಯರು ಹೇಳುತ್ತಾರೆ. ಪ್ರತಿಯೊಂದು ನರಗಂಟಿನಿಂದ ಹೊರಡುವ ನರವು ಮೈಯ ಒಂದು ಮಗ್ಗುಲಿನ ಪಟ್ಟಿಗೆ ಮಾತ್ರ ಹೋಗುತ್ತದೆ ಮತ್ತು ನಟ್ಟನಡುವಿನ ಗೆರೆಯ ಬಳಿ ನಿಲ್ಲುತ್ತದೆ. ಆದ್ದರಿಂದ ಗುಳ್ಳೆಗಳ ಸಾಲು ಬೆನ್ನಿನ ನಡುವಿನಿಂದ ಎದೆಯ ನಡುವಿನವರೆಗೆ ಬಂದು ಅಲ್ಲಿಯೇ ನಿಲ್ಲುವುದು ಸಹಜ. ಅದು ಸುತ್ತು ಪೂರ್ತಿಗೊಳಿಸದೆ ಇರುವುದಕ್ಕೆ ಬಳಿದ ಕೆಮ್ಮಣ್ಣು ಕಾರಣವಲ್ಲ. ಹಾವೇರಿಯ ಅಣ್ಣ ಮೊದಲ ನಾಲ್ಕು ದಿನ ಕೆಮ್ಮಣ್ಣು ಬಳಿಸಿಕೊಂಡು, ಮಂತ್ರ ಹಾಕಿಸಿಕೊಂಡು, ಐದನೆಯ ದಿನ ವೈದ್ಯರಲ್ಲಿಗೆ ಹೋಗಿದ್ದರು. ವೈರಸ್ಸನ್ನು ಅಡಗಿಸುವ ಗುಳಿಗೆಗಳಾದ ಅಸೈಕ್ಲೋವಿರ್ ಅಥವಾ ವಾಲಸೈಕ್ಲೋವಿರ್ ಅತಿ ಹೆಚ್ಚು ಫಲ ಕೊಡುವುದು ಗುಳ್ಳೆ ಕಾಣಿಸಿದ 72 ಗಂಟೆಗಳೊಳಗೆ ಆರಂಭಿಸಿದಾಗ. ಆ ಹೊತ್ತು ಕಳೆದುಹೋಗಿತ್ತು.

ಈಗ ಅಕ್ಕನ ಮಾತಿಗೆ ಬರೋಣ. ಒಮ್ಮೆ ಬಂದರೆ ಮತ್ತೆ ಬರುವುದಿಲ್ಲ ಎಂಬುದು ಸೀತಾಳೆ ಸಿಡುಬಿನ ಮಟ್ಟಿಗೆ ಬಹುತೇಕ ನಿಜ. ಆ ರೋಗ ಬಂದಾಗ ರಕ್ತದಲ್ಲಿ ಹುಟ್ಟುವ ಪ್ರತಿಕಾಯಗಳು ಜೀವನಪರ್ಯಂತ ಉಳಿದು, ಹೊರಗಿನಿಂದ ಮತ್ತೊಮ್ಮೆ ಬರುವ ವೈರಸ್ಸನ್ನು ತಡೆಯುತ್ತವೆ. ಆದರೆ ನರಕೋಶದೊಳಗೆ ಮಲಗಿರುವ ವೈರಸ್ಸನ್ನು ಹದ್ದುಬಸ್ತಿನಲ್ಲಿ ಇಡುವ ಕೆಲಸ ಮುಖ್ಯವಾಗಿ ಪ್ರತಿಕಾಯಗಳದ್ದಲ್ಲ, ಟಿ ಕೋಶಗಳೆಂಬ ಬಿಳಿ ರಕ್ತಕಣಗಳದ್ದು. ವಯಸ್ಸಾದಂತೆ ಪ್ರತಿಕಾಯಗಳ ಮಟ್ಟ ಹಾಗೆಯೇ ಉಳಿದರೂ ಈ ವೈರಸ್ಸನ್ನು ಗುರುತಿಸುವ ಟಿ ಕೋಶಗಳ ಬಲ ಕುಂದುತ್ತದೆ; ಐವತ್ತರ ನಂತರ ಸರ್ಪಸುತ್ತು ಹೆಚ್ಚಾಗುವುದಕ್ಕೂ, ದೀರ್ಘಕಾಲ ಸ್ಟಿರಾಯ್ಡ್ ತೆಗೆದುಕೊಳ್ಳುವವರಲ್ಲಿ ಮತ್ತು ಕ್ಯಾನ್ಸರ್ ಚಿಕಿತ್ಸೆ ಪಡೆಯುವವರಲ್ಲಿ ಅದು ಬೇಗ ಕಾಣಿಸಿಕೊಳ್ಳುವುದಕ್ಕೂ ಇದೇ ಕಾರಣ. ಹೀಗಾಗಿ ಬಾಲ್ಯದಲ್ಲಿ ಅಮ್ಮ ಬಂದು ಹೋದದ್ದು ಅಕ್ಕನಿಗೆ ಸರ್ಪಸುತ್ತಿನಿಂದ ರಕ್ಷಣೆಯಲ್ಲ. ಆ ಅಮ್ಮ ಸೀತಾಳೆ ಸಿಡುಬೇ ಆಗಿದ್ದರೆ, ಸರ್ಪಸುತ್ತು ಬರಲು ಬೇಕಾದ ವೈರಸ್ ಅವರೊಳಗೆ ಇದೆ ಎಂಬುದಕ್ಕೆ ಅದೇ ಸಾಕ್ಷಿ.

ತಮ್ಮನ ತರ್ಕದಲ್ಲಿ ವಿಜ್ಞಾನ ಸರಿಯಾಗಿಯೇ ಇದೆ. ವೈರಸ್ ಒಮ್ಮೆಯೂ ದೇಹವನ್ನು ಹೊಕ್ಕಿರದಿದ್ದರೆ ಸರ್ಪಸುತ್ತು ಬರಲಾರದು. ತಪ್ಪಿರುವುದು ನೆನಪಿನ ಮೇಲಿಟ್ಟ ನಂಬಿಕೆಯಲ್ಲಿ. ಮೂರು ವರ್ಷದ ಮಗುವಿಗೆ ಹತ್ತು-ಹನ್ನೆರಡು ಗುಳ್ಳೆ ಎದ್ದು ವಾರದಲ್ಲಿ ಒಣಗಿ ಹೋದದ್ದನ್ನು ಐವತ್ತೈದು ವರ್ಷಗಳ ನಂತರ ಆ ಮಗುವೇ ನೆನಪಿಟ್ಟಿರಲು ಸಾಧ್ಯವಿಲ್ಲ. ಹೇಳಬೇಕಾದ ತಾಯಿ ಈಗ ಇರುವುದಿಲ್ಲ. ಮನೆಯಲ್ಲಿ ಆರೇಳು ಮಕ್ಕಳಿದ್ದಾಗ ಯಾರಿಗೆ ಬಂತು, ಯಾರಿಗೆ ಬರಲಿಲ್ಲ ಎಂಬುದನ್ನು ತಾಯಿಯೂ ಕಲಸಿಕೊಂಡಿರಬಹುದು. ನಮ್ಮಂತಹ ಬಿಸಿ ಪ್ರದೇಶಗಳಲ್ಲಿ ಚಳಿ ದೇಶಗಳಿಗಿಂತ ಈ ಸೋಂಕು ತಡವಾಗಿ ತಗಲುತ್ತದೆ ಎಂಬುದು ನಿಜವಾದರೂ, ಐವತ್ತು ದಾಟುವಷ್ಟರಲ್ಲಿ ಬಹುತೇಕ ಎಲ್ಲರಿಗೂ ಅದು ತಗಲಿಯೇ ಇರುತ್ತದೆ. ನೆನಪಿಲ್ಲ ಎನ್ನುವವರ ರಕ್ತವನ್ನು ಪರೀಕ್ಷಿಸಿದಾಗಲೂ ಹೆಚ್ಚಿನವರಲ್ಲಿ ಹಳೆಯ ಸೋಂಕಿನ ಗುರುತು ಸಿಗುತ್ತದೆ.

ಅಮ್ಮ ಎಂಬ ಒಂದೇ ಹೆಸರೂ ನೆನಪನ್ನು ಗೊಂದಲಗೊಳಿಸುತ್ತದೆ. ಈ ಅಕ್ಕನಿಗೆ ಅಮ್ಮ ಬಂದದ್ದು 1968ರ ಆಸುಪಾಸಿನಲ್ಲಿ, ಅಂದರೆ ನಿಜವಾದ ಸಿಡುಬು ನಮ್ಮ ದೇಶದಲ್ಲಿ ಇನ್ನೂ ಇದ್ದ ಕಾಲದಲ್ಲಿ. ಭಾರತದಲ್ಲಿ ಸಿಡುಬಿನ ಕೊನೆಯ ಪ್ರಕರಣಗಳು ಕಂಡದ್ದು 1975ರಲ್ಲಿ. ಮೈಮೇಲೆ ಏನೇ ಎದ್ದರೂ, ಅದು ಸಿಡುಬಾಗಲಿ, ಸೀತಾಳೆ ಸಿಡುಬಾಗಲಿ, ದಡಾರವಾಗಲಿ, ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿ ಅಮ್ಮನೆಂದೇ ಕರೆಯುತ್ತಿದ್ದರು. ಇನ್ನೂ ಕೆಲವರು ತೋಳಿನ ಮೇಲಿನ ದುಂಡನೆಯ ಕಲೆಯನ್ನು ತೋರಿಸಿ, ಸಣ್ಣವರಿದ್ದಾಗಲೇ ಸಿಡುಬಿನ ಲಸಿಕೆ ಹಾಕಿಸಿದ್ದಾರೆ, ಮತ್ತೆ ಇದೇಕೆ ಎಂದು ಕೇಳುತ್ತಾರೆ. ಆ ಲಸಿಕೆ ಸಿಡುಬಿನ ವೈರಸ್ಸಿಗೆ ಮಾತ್ರ ಸಂಬಂಧಿಸಿದ್ದು. ಹೆಸರಿನಲ್ಲಿ ಸಿಡುಬು ಎಂದಿದ್ದರೂ ಸೀತಾಳೆ ಸಿಡುಬಿನ ವೈರಸ್ ಬೇರೆಯದೇ ಕುಲಕ್ಕೆ ಸೇರಿದ್ದು, ಆ ಕಲೆಗೂ ಸರ್ಪಸುತ್ತಿಗೂ ಯಾವ ಸಂಬಂಧವೂ ಇಲ್ಲ.

ನೆನಪನ್ನು ನಂಬಲಾಗದಿದ್ದರೆ ರಕ್ತ ಪರೀಕ್ಷೆಯನ್ನು ನಂಬಬಹುದಲ್ಲ ಎಂದು ತಮ್ಮನವರು ನನಗೆ ತಿಳಿಸದೆ ಮುಂದಿನ ವಾರ ಒಂದು ಪ್ರಯೋಗಾಲಯದಲ್ಲಿ, ಈ ವೈರಸ್ಸಿನ ವಿರುದ್ಧದ ಪ್ರತಿಕಾಯಗಳು ರಕ್ತದಲ್ಲಿ ಇವೆಯೇ ಎಂದು ನೋಡುವ ವೇರಿಸೆಲ್ಲಾ ಐಜಿಜಿ ಪರೀಕ್ಷೆ ಮಾಡಿಸಿಕೊಂಡರು. ವರದಿ ಪಾಸಿಟಿವ್ ಎಂದಿತ್ತು, ಕೆಳಗೆ ರೋಗನಿರೋಧಕ ಶಕ್ತಿ ಇದೆ ಎಂಬರ್ಥದ ಸಾಲಿತ್ತು. ಅದನ್ನು ಓದಿ ಅವರು ಸಮಾಧಾನಪಟ್ಟು, ಇನ್ನು ಲಸಿಕೆ ಬೇಡವೆಂದು ಫೋನಿನಲ್ಲಿ ಹೇಳಿದರು. ಈ ಇಡೀ ವಿಷಯದಲ್ಲಿ ಜನ ಎಡವುವ ಜಾಗ ಇದೇ ಆದ್ದರಿಂದ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ದಡಾರದಂತಹ ರೋಗದಲ್ಲಿ ಐಜಿಜಿ ಪಾಸಿಟಿವ್ ಎಂದರೆ ಆ ರೋಗದ ಚಿಂತೆ ಮುಗಿಯಿತು ಎಂದರ್ಥ, ಏಕೆಂದರೆ ಗುಣವಾದವರ ದೇಹದಲ್ಲಿ ಆ ವೈರಸ್ ಹೀಗೆ ಸುಪ್ತವಾಗಿ ಕಾದು ಕೂರುವುದಿಲ್ಲ. ಇಲ್ಲಿ ವರದಿ ಹೇಳುವ ರೋಗನಿರೋಧಕ ಶಕ್ತಿ ಸೀತಾಳೆ ಸಿಡುಬಿಗೆ ಸಂಬಂಧಿಸಿದ್ದು. ಸರ್ಪಸುತ್ತಿನ ದೃಷ್ಟಿಯಿಂದ ಅದೇ ಪಾಸಿಟಿವ್ ಫಲಿತಾಂಶದ ಅರ್ಥ, ನಿಮಗೆ ಎಂದೋ ಸೋಂಕು ತಗಲಿದೆ, ವೈರಸ್ ನರಗಂಟುಗಳಲ್ಲಿ ಉಳಿದಿದೆ, ನಿಮಗೆ ಸರ್ಪಸುತ್ತು ಬರಬಹುದು ಎಂದು. ಟಿ ಕೋಶಗಳ ಬಲವನ್ನು ಈ ಪರೀಕ್ಷೆ ಅಳೆಯುವುದೇ ಇಲ್ಲ. ಅವರು ಹಣ ಕೊಟ್ಟು ಪಡೆದ ವರದಿ ಅವರ ಮೊದಲ ತರ್ಕವನ್ನೇ ಸುಳ್ಳು ಮಾಡಿತ್ತು. ಅವರು ಅದನ್ನು ತಿರುವುಮುರುವಾಗಿ ಓದಿದ್ದರು.

ವರದಿ ನೆಗೆಟಿವ್ ಬಂದಿದ್ದರೆ ಏನಾಗುತ್ತಿತ್ತು? ಆಗ ಎರಡು ಸಾಧ್ಯತೆಗಳಿರುತ್ತಿದ್ದವು. ಸಾಮಾನ್ಯ ಪ್ರಯೋಗಾಲಯದ ಪರೀಕ್ಷೆಗಳು ಬಹಳ ಹಿಂದಿನ ಸೋಂಕಿನ ಕಡಿಮೆ ಮಟ್ಟದ ಪ್ರತಿಕಾಯಗಳನ್ನು ಒಮ್ಮೊಮ್ಮೆ ಹಿಡಿಯಲಾರದೆ ಹೋಗುತ್ತವೆ, ಹಾಗಾಗಿ ನೆಗೆಟಿವ್ ಎಂಬುದು ಸುಳ್ಳೂ ಆಗಿರಬಹುದು. ಅದು ನಿಜವೇ ಆಗಿದ್ದರೆ ಆ ವ್ಯಕ್ತಿಗೆ ಇರುವ ಅಪಾಯ ಸರ್ಪಸುತ್ತಿನದ್ದಲ್ಲ, ಸೀತಾಳೆ ಸಿಡುಬಿನದ್ದು. ವಯಸ್ಕರಲ್ಲಿ ಅದು ಮಕ್ಕಳಿಗಿಂತ ತೀವ್ರವಾಗಿ ಬಂದು ನ್ಯುಮೋನಿಯಾಕ್ಕೆ ತಿರುಗಬಲ್ಲದು. ಅಂಥವರಿಗೆ ಕೊಡಬೇಕಾದದ್ದು ಸೀತಾಳೆ ಸಿಡುಬಿನ ಲಸಿಕೆಯ ಎರಡು ಡೋಸು, ಸರ್ಪಸುತ್ತಿನ ಲಸಿಕೆಯಲ್ಲ, ಏಕೆಂದರೆ ಎರಡನೆಯದು ಸೀತಾಳೆ ಸಿಡುಬನ್ನು ತಡೆಯಲು ರೂಪಿಸಿದ್ದಲ್ಲ. ಆದರೆ ಐವತ್ತು ದಾಟಿದವರಲ್ಲಿ ನಿಜವಾದ ನೆಗೆಟಿವ್ ಅಪರೂಪವಾದ್ದರಿಂದ, ಅವರನ್ನು ಹುಡುಕಲೆಂದು ಎಲ್ಲರಿಗೂ ಪರೀಕ್ಷೆ ಮಾಡಿಸುವ ಅಗತ್ಯವಿಲ್ಲ. ಅಮೆರಿಕದ ರೋಗ ನಿಯಂತ್ರಣ ಕೇಂದ್ರದ ಮಾರ್ಗಸೂಚಿಯೂ ಐವತ್ತು ದಾಟಿದವರಲ್ಲಿ ಸೀತಾಳೆ ಸಿಡುಬಿನ ಇತಿಹಾಸವನ್ನು ಕೇಳಬೇಕಿಲ್ಲ, ರಕ್ತ ಪರೀಕ್ಷೆ ಬೇಕಿಲ್ಲ, ಲಸಿಕೆ ಕೊಡಬಹುದು ಎನ್ನುತ್ತದೆ. ಬೇರಾವುದೋ ಕಾರಣಕ್ಕೆ ಮಾಡಿಸಿದ ಪರೀಕ್ಷೆ ನೆಗೆಟಿವ್ ಎಂದು ಆಗಲೇ ಕೈಯಲ್ಲಿದ್ದರೆ ಮಾತ್ರ ನಿಂತು ಯೋಚಿಸಬೇಕು.

ಹೀಗೆ ಕೇಳದೆ ಕೊಡಬಹುದಾದ ಧೈರ್ಯ ಬಂದದ್ದು ಈಗಿನ ಲಸಿಕೆಯ ರಚನೆಯಿಂದ. ಮೊದಲಿದ್ದ ಝೋಸ್ಟಾವ್ಯಾಕ್ಸ್ ಎಂಬುದು ದುರ್ಬಲಗೊಳಿಸಿದ ಜೀವಂತ ವೈರಸ್ಸನ್ನೇ ಒಳಗೊಂಡಿತ್ತು. ಅಮೆರಿಕದಲ್ಲಿ ಅದರ ಮಾರಾಟ 2020ರಲ್ಲಿ ನಿಂತಿತು. ಭಾರತದಲ್ಲಿ 2023ರಿಂದ ದೊರೆಯುತ್ತಿರುವ ಶಿಂಗ್ರಿಕ್ಸ್ ಎಂಬ ಲಸಿಕೆಯಲ್ಲಿ ವೈರಸ್ ಇಲ್ಲವೇ ಇಲ್ಲ. ವೈರಸ್ಸಿನ ಹೊರಮೈಯ ಗ್ಲೈಕೋಪ್ರೋಟೀನ್ ಇ ಎಂಬ ಒಂದೇ ಪ್ರೋಟೀನ್ 50 ಮೈಕ್ರೋಗ್ರಾಂ, ಅದರೊಡನೆ ರೋಗನಿರೋಧಕ ವ್ಯವಸ್ಥೆಯನ್ನು ಬಲವಾಗಿ ಕೆರಳಿಸುವ ಒಂದು ಸಹಾಯಕ ದ್ರಾವಣ, ಇಷ್ಟೇ. ಆದ್ದರಿಂದ ಇದರಿಂದ ಸೀತಾಳೆ ಸಿಡುಬಾಗಲಿ ಸರ್ಪಸುತ್ತಾಗಲಿ ಬರಲು ಸಾಧ್ಯವಿಲ್ಲ. ಕುಂದಿದ ಟಿ ಕೋಶಗಳ ಬಲವನ್ನು ಮೇಲೆತ್ತುವುದು ಆ ಸಹಾಯಕ ದ್ರಾವಣದ ಕೆಲಸ. ಐವತ್ತು ದಾಟಿದ 15,000ಕ್ಕೂ ಹೆಚ್ಚು ಜನರ ಮೇಲೆ 18 ದೇಶಗಳಲ್ಲಿ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸುಮಾರು ಮೂರು ವರ್ಷಗಳ ಅವಧಿಯಲ್ಲಿ ಲಸಿಕೆ ಪಡೆದವರಲ್ಲಿ 6 ಮಂದಿಗೆ, ಬರೀ ಹುಸಿ ಚುಚ್ಚುಮದ್ದು ಪಡೆದವರಲ್ಲಿ 210 ಮಂದಿಗೆ ಸರ್ಪಸುತ್ತು ಬಂತು. ಹತ್ತು ವರ್ಷ ಕಳೆದ ಮೇಲೂ ರಕ್ಷಣೆ ಶೇಕಡಾ 80ರ ಆಸುಪಾಸಿನಲ್ಲಿ ಉಳಿದಿದೆ.

ತೋಳಿನ ಸ್ನಾಯುವಿಗೆ ಎರಡು ಡೋಸು ಕೊಡಬೇಕು, ನಡುವೆ ಎರಡರಿಂದ ಆರು ತಿಂಗಳ ಅಂತರವಿರಬೇಕು. ಅಕ್ಕ-ತಮ್ಮ ಇಬ್ಬರೂ ಮೊದಲ ಡೋಸನ್ನು ಜನವರಿ 10ರಂದು ತೆಗೆದುಕೊಂಡರು. ಎರಡನೆಯದಕ್ಕೆ ಮಾರ್ಚ್ 10ರಿಂದ ಜುಲೈ 10ರವರೆಗೆ ಅವಕಾಶವಿತ್ತು. ಆರು ತಿಂಗಳು ಮೀರಿದರೂ ಮೊದಲಿನಿಂದ ಆರಂಭಿಸಬೇಕಿಲ್ಲ, ಉಳಿದದ್ದನ್ನು ಆದಷ್ಟು ಬೇಗ ಹಾಕಿಸಿಕೊಂಡರೆ ಸಾಕು. ಅಕ್ಕ ಎರಡನೆಯ ಡೋಸನ್ನು ಹುಬ್ಬಳ್ಳಿಯ ಔಷಧಿ ಅಂಗಡಿಯಲ್ಲಿ ಕೊಂಡು ಬಸ್ಸಿನಲ್ಲಿ ಗದಗಿಗೆ ಒಯ್ದು ಮನೆಯ ಹತ್ತಿರವೇ ಹಾಕಿಸಿಕೊಳ್ಳುತ್ತೇನೆ ಎಂದಾಗ ನಾನು ಒಪ್ಪಲಿಲ್ಲ. ಲಸಿಕೆ 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿಯೇ ಇರಬೇಕು. ಏಪ್ರಿಲ್ ಬಿಸಿಲಿನಲ್ಲಿ ಕೈಚೀಲದೊಳಗಿನ ಪ್ರಯಾಣ ಅದನ್ನು ಕೆಡಿಸುತ್ತದೆ, ಬರ್ಫಕ್ಕೆ ನೇರವಾಗಿ ತಾಗಿಸಿಟ್ಟರೆ ಹೆಪ್ಪುಗಟ್ಟಿಯೂ ಕೆಡುತ್ತದೆ, ಮತ್ತು ಕೆಟ್ಟದ್ದು ಕಣ್ಣಿಗೆ ಕಾಣಿಸುವುದಿಲ್ಲ. ಪೆಟ್ಟಿಗೆಯಲ್ಲಿ ಎರಡು ಸೀಸೆಗಳಿರುತ್ತವೆ, ಒಂದರಲ್ಲಿ ಪುಡಿ, ಇನ್ನೊಂದರಲ್ಲಿ ದ್ರಾವಣ. ಎರಡನ್ನೂ ಬೆರೆಸಿಯೇ ಕೊಡಬೇಕು. ಪುಡಿಯನ್ನು ಮರೆತು ದ್ರಾವಣವನ್ನಷ್ಟೇ ಚುಚ್ಚಿದರೆ ತೋಳು ನೋಯುತ್ತದೆ, ರಕ್ಷಣೆ ಸಿಗುವುದಿಲ್ಲ. ಹಾಕಿಸಿಕೊಳ್ಳುವವರು ಎರಡೂ ಸೀಸೆಗಳನ್ನು ಬೆರೆಸುವುದನ್ನು ಕಣ್ಣಾರೆ ನೋಡುವುದರಲ್ಲಿ ಸಂಕೋಚವೇನಿಲ್ಲ.

ಮೊದಲ ಡೋಸಿನ ರಾತ್ರಿ ಅಕ್ಕನಿಗೆ ಚಳಿಜ್ವರ ಬಂದು ಮೈಕೈ ನೋವಾಯಿತು, ಮೂರನೆಯ ದಿನ ತಾನಾಗಿ ಹೋಯಿತು. ತೋಳುನೋವು ಬಹುಪಾಲು ಜನರಿಗೆ ಆಗುತ್ತದೆ, ಮೈಕೈ ನೋವು ಮತ್ತು ಸುಸ್ತು ಅರ್ಧದಷ್ಟು ಜನರಿಗೆ, ಜ್ವರ ಐವರಲ್ಲಿ ಒಬ್ಬರಿಗೆ. ಮನೆಯಲ್ಲಿ ಮದುವೆಯೋ ಜಾತ್ರೆಯೋ ಇದ್ದರೆ ಅದರ ಹಿಂದಿನ ಎರಡು ದಿನ ಹಾಕಿಸಿಕೊಳ್ಳಬಾರದೆಂದು ನಾನು ಹೇಳುವುದು ಇದಕ್ಕಾಗಿಯೇ. ಮುಂಚಿತವಾಗಿ ತಿಳಿಸದಿದ್ದರೆ ಮೊದಲ ಡೋಸಿನ ಜ್ವರಕ್ಕೆ ಹೆದರಿ ಜನ ಎರಡನೆಯದಕ್ಕೆ ಬರುವುದಿಲ್ಲ. ಗಿಯೆನ್-ಬರೆ ಎಂಬ ನರದೌರ್ಬಲ್ಯ 65 ದಾಟಿದವರಲ್ಲಿ 10 ಲಕ್ಷ ಡೋಸುಗಳಿಗೆ ಸುಮಾರು 3ರಂತೆ ಹೆಚ್ಚಾಗಿ ಕಂಡಿದೆ. ಲಸಿಕೆಯ ನಂತರದ ಆರು ವಾರಗಳಲ್ಲಿ ಕಾಲುಗಳಲ್ಲಿ ಬಲ ಕುಂದುತ್ತಾ ಮೇಲೇರಿದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಬೆಲೆಯನ್ನು ಮರೆಮಾಚಿ ಈ ಲಸಿಕೆಯ ಬಗ್ಗೆ ಬರೆಯುವುದು ನನಗೆ ಸರಿಯೆನಿಸುವುದಿಲ್ಲ. ಒಂದು ಡೋಸಿಗೆ ಹತ್ತು ಸಾವಿರ ರೂಪಾಯಿಯ ಆಸುಪಾಸು, ಸರ್ಕಾರದ ಉಚಿತ ಲಸಿಕೆಗಳ ಪಟ್ಟಿಯಲ್ಲಿ ಇದು ಇಲ್ಲ. ಮೇಲಿನ ಅಧ್ಯಯನದಲ್ಲಿ ಲಸಿಕೆ ಇಲ್ಲದ ಸಾವಿರ ಜನರಲ್ಲಿ ವರ್ಷಕ್ಕೆ ಸುಮಾರು 9 ಮಂದಿಗೆ ರೋಗ ಬಂದಿತ್ತು ಎಂಬುದನ್ನೂ ಇದರ ಪಕ್ಕದಲ್ಲಿ ಇಟ್ಟು ನೋಡಬೇಕು. ಅನುಕೂಲವಿರುವ ಐವತ್ತರ ಮೇಲಿನವರು ಹಾಕಿಸಿಕೊಳ್ಳಲಿ. ಅರವತ್ತು ದಾಟಿದವರು, ಸಕ್ಕರೆ ಕಾಯಿಲೆಯವರು, ಕೀಲುವಾತಕ್ಕೋ ಕ್ಯಾನ್ಸರಿಗೋ ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧಿ ಪಡೆಯುತ್ತಿರುವವರು ಮೊದಲು ಯೋಚಿಸಲಿ. ಸಾಲ ಮಾಡಿ ಹಾಕಿಸಿಕೊಳ್ಳಬೇಕೆಂದು ನಾನು ಯಾರಿಗೂ ಹೇಳುವುದಿಲ್ಲ. ಅಂಥವರು ಒಂದು ಮಗ್ಗುಲಲ್ಲಿ ಮಾತ್ರ ಉರಿ ಎದ್ದು, ಎರಡು-ಮೂರು ದಿನಗಳಲ್ಲಿ ಅಲ್ಲಿಯೇ ಗುಳ್ಳೆಗಳ ಗೊಂಚಲು ಕಂಡರೆ ಅದೇ ದಿನ ವೈದ್ಯರನ್ನು ಕಾಣಬೇಕು. ಹಣೆಯ ಮೇಲೆ ಅಥವಾ ಮೂಗಿನ ತುದಿಯಲ್ಲಿ ಗುಳ್ಳೆ ಎದ್ದರೆ ಕಣ್ಣಿನ ವೈದ್ಯರನ್ನೂ ಅಂದೇ ಕಾಣಬೇಕು.

ಹಾವೇರಿಯ ಅಣ್ಣನ ಪ್ರಶ್ನೆಯೂ ಉಳಿದಿತ್ತು. ಸರ್ಪಸುತ್ತು ಮತ್ತೊಮ್ಮೆಯೂ ಬರಬಹುದಾದ್ದರಿಂದ ಅವರಿಗೂ ಲಸಿಕೆ ಕೊಡಬಹುದು, ಆದರೆ ಗುಳ್ಳೆಗಳು ಪೂರ್ತಿ ಮಾಸಿದ ಮೇಲೆ. ಈಗಾಗಲೇ ಇರುವ ನರದ ಉರಿಗೆ ಅದು ಔಷಧಿಯಲ್ಲ.

ಆದರೆ ಅಣ್ಣನ ಮನೆಯಲ್ಲಿ ಅಮ್ಮ ಬಂದಿತ್ತೇ ಎಂಬ ಪ್ರಶ್ನೆಯನ್ನು ನಿಜವಾಗಿ ಕೇಳಬೇಕಾಗಿದ್ದ ವ್ಯಕ್ತಿ ಬೇರೊಬ್ಬರಿದ್ದರು. ಮಾವನ ಗುಳ್ಳೆಗಳಿಗೆ ಮುಲಾಮು ಹಚ್ಚುತ್ತಿದ್ದ, ಆಗ ನಾಲ್ಕು ತಿಂಗಳ ಗರ್ಭಿಣಿಯಾಗಿದ್ದ ಸೊಸೆ. ಸರ್ಪಸುತ್ತು ಇನ್ನೊಬ್ಬರಿಗೆ ಸರ್ಪಸುತ್ತಾಗಿ ಅಂಟುವುದಿಲ್ಲ. ಆದರೆ ಆ ಗುಳ್ಳೆಗಳ ನೀರಿನಲ್ಲಿರುವ ವೈರಸ್, ಸೋಂಕು ಎಂದೂ ತಗಲಿರದವರಿಗೆ ಸೀತಾಳೆ ಸಿಡುಬನ್ನು ತರಬಲ್ಲದು. ಗುಳ್ಳೆಗಳೆಲ್ಲ ಒಣಗಿ ಹೊಪ್ಪಳಿಕೆಯಾಗುವವರೆಗೆ ಅವನ್ನು ಬಟ್ಟೆಯಿಂದ ಮುಚ್ಚಿಡಬೇಕು, ಮತ್ತು ಅಮ್ಮ ಬಂದ ನೆನಪಿಲ್ಲದ, ಸೀತಾಳೆ ಸಿಡುಬಿನ ಲಸಿಕೆಯನ್ನೂ ಪಡೆಯದ ಗರ್ಭಿಣಿಯರು ಮತ್ತು ಶಿಶುಗಳು ಆ ಆರೈಕೆಯಿಂದ ದೂರವಿರಬೇಕು. ಸಂಪರ್ಕ ಆಗಿಯೇ ಬಿಟ್ಟಿದ್ದರೆ, ಗರ್ಭಿಣಿಯಲ್ಲದ ವಯಸ್ಕರಿಗೆ ಮೂರರಿಂದ ಐದು ದಿನಗಳೊಳಗೆ ಸೀತಾಳೆ ಸಿಡುಬಿನ ಲಸಿಕೆ ಕೊಡಬಹುದು. ಗರ್ಭಿಣಿಗೆ ಆ ಲಸಿಕೆ ನಿಷಿದ್ಧ, ಏಕೆಂದರೆ ಅದರಲ್ಲಿ ಜೀವಂತ ವೈರಸ್ ಇದೆ. ಆಕೆಗೆ ಕೂಡಲೇ ಐಜಿಜಿ ಪರೀಕ್ಷೆ ಮಾಡಿಸಿ, ನೆಗೆಟಿವ್ ಬಂದರೆ ಹತ್ತು ದಿನಗಳೊಳಗೆ ಸಿದ್ಧ ಪ್ರತಿಕಾಯಗಳ ಚುಚ್ಚುಮದ್ದು ಬೇಕೇ ಎಂಬುದನ್ನು ಹೆರಿಗೆ ವೈದ್ಯರು ನಿರ್ಧರಿಸುತ್ತಾರೆ. ಆ ಸೊಸೆಗೆ ಹತ್ತನೆಯ ತರಗತಿಯಲ್ಲಿದ್ದಾಗ ಸೀತಾಳೆ ಸಿಡುಬು ಬಂದಿತ್ತಂತೆ, ಶಾಲೆಯ ಪರೀಕ್ಷೆ ತಪ್ಪಿಹೋದದ್ದು ಅದೇ ವರ್ಷ. ಆದ್ದರಿಂದ ಆಕೆಗೂ ಮಗುವಿಗೂ ಏನೂ ಆಗಲಿಲ್ಲ.